ಹ್ಯಾಶ್ ರೇಟ್ ಕುಸಿದಾಗ ಬೆಲೆಯ ದಿಕ್ಕು

ಬಿಟ್‌ಕಾಯಿನ್ ಬೆಲೆ ಇಳಿಯುತ್ತಿರುವಾಗಲೇ ಹ್ಯಾಶ್ ರೇಟ್ ಕೂಡ ಕುಸಿದರೆ, ಮೈನರ್‌ಗಳು ಕೈಸೋತು ಇದ್ದಬದ್ದ ನಾಣ್ಯ ಮಾರುತ್ತಿದ್ದಾರೆ, ಬೆಲೆ ಇನ್ನೂ ಇಳಿಯುತ್ತದೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಕರೆಂಟ್ ಬಿಲ್ ಕಟ್ಟಲು ನಾಣ್ಯ ಮಾರಲೇಬೇಕಾದವರು ಮೈನರ್‌ಗಳು ಎಂಬುದು ನಿಜವಾದ್ದರಿಂದ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹ್ಯಾಶ್ ರೇಟ್ ಏಕೆ ಕುಸಿಯಿತು ಎಂದು ತಿಳಿಯದೆ ಅದರಿಂದ ಬೆಲೆಯ ದಿಕ್ಕು ಹೇಳಲಾಗದು. ಕಾರಣ ತಿಳಿದ ಮೇಲೂ ಅದು ಹಿನ್ನೆಲೆಯ ಒತ್ತಡವಷ್ಟೇ ಎಂಬುದು ನನ್ನ ವಾದ.

ಮೊದಲು ಈ ಅಂಕಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಜಗತ್ತಿನ ಮೈನಿಂಗ್ ಯಂತ್ರಗಳೆಲ್ಲ ಸೇರಿ ಸೆಕೆಂಡಿಗೆ ಎಷ್ಟು ಸಲ ಲೆಕ್ಕ ಹಾಕುತ್ತವೆ ಎಂಬುದೇ ಹ್ಯಾಶ್ ರೇಟ್. ಅದನ್ನು ಯಾರೂ ಮೀಟರ್ ಇಟ್ಟು ಅಳೆಯುವುದಿಲ್ಲ. ಎಷ್ಟು ಬ್ಲಾಕ್ ಸಿಕ್ಕವು, ಆಗ ಡಿಫಿಕಲ್ಟಿ ಎಷ್ಟಿತ್ತು ಎಂಬುದರಿಂದ ಅಂದಾಜು ಮಾಡುತ್ತಾರೆ. ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಬ್ಲಾಕ್ ಸಿಗಬೇಕು. ಒಂದು ದಿನ 125 ಮಾತ್ರ ಸಿಕ್ಕರೆ ಹ್ಯಾಶ್ ರೇಟ್ ಶೇ. 13ರಷ್ಟು ಬಿದ್ದಂತೆ ಕಾಣುತ್ತದೆ. ಬ್ಲಾಕ್ ಸಿಗುವುದು ಲಾಟರಿಯಂತೆ ಆಕಸ್ಮಿಕವಾದ್ದರಿಂದ, ಒಂದೇ ಒಂದು ಯಂತ್ರ ನಿಲ್ಲದಿದ್ದರೂ ಇಷ್ಟು ಏರಿಳಿತ ಆಗಬಹುದು. ಆದ್ದರಿಂದ ಒಂದು ದಿನದ ಕುಸಿತಕ್ಕೆ ಬೆಲೆಯಿಲ್ಲ. ಕೆಲವು ವಾರಗಳ ಸರಾಸರಿ ಇಳಿದಿದೆಯೇ, 2016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ತಾನಾಗಿ ಬದಲಾಗುವ ಡಿಫಿಕಲ್ಟಿ ಕೆಳಗೆ ಬಂದಿದೆಯೇ ಎಂದು ನೋಡಬೇಕು.

ಅತಿ ದೊಡ್ಡ ಕುಸಿತ ಕಂಡದ್ದು 2021ರಲ್ಲಿ. ಆ ಮೇ ತಿಂಗಳಲ್ಲಿ ಚೀನಾ ಸರ್ಕಾರ ಮೈನಿಂಗ್ ಹತ್ತಿಕ್ಕುವುದಾಗಿ ಘೋಷಿಸಿತು, ಜೂನ್‌ನಲ್ಲಿ ಸಿಚುವಾನ್ ಸೇರಿದಂತೆ ಹಲವು ಪ್ರಾಂತ್ಯಗಳಲ್ಲಿ ಯಂತ್ರಗಳು ನಿಂತವು, ಹ್ಯಾಶ್ ರೇಟ್ ಸುಮಾರು ಅರ್ಧಕ್ಕಿಳಿಯಿತು. ಜುಲೈ 3ರಂದು ಡಿಫಿಕಲ್ಟಿ ಒಂದೇ ಏಟಿಗೆ ಶೇ. 28ರಷ್ಟು ಇಳಿಯಿತು, ಅದುವರೆಗೆ ಅಷ್ಟು ದೊಡ್ಡ ಇಳಿಕೆ ಆಗಿರಲಿಲ್ಲ. ಈ ಅಂಕಿಯನ್ನು ಬಿಡಿಸಿ ನೋಡಿದರೆ, ಅದರ ಹಿಂದಿನ ಅವಧಿಯಲ್ಲಿ ಒಂದು ಬ್ಲಾಕ್‌ಗೆ ಸರಾಸರಿ 14 ನಿಮಿಷ ಹಿಡಿದಿತ್ತು ಎಂದಾಗುತ್ತದೆ. ಆಗ ಬ್ಲಾಕ್‌ಗೆ 6.25 ನಾಣ್ಯ ಸಿಗುತ್ತಿತ್ತು. ದಿನಕ್ಕೆ 900 ಹುಟ್ಟಬೇಕಾದಲ್ಲಿ ಸುಮಾರು 650 ಮಾತ್ರ ಹುಟ್ಟುತ್ತಿದ್ದವು. ಅಂದರೆ ಹ್ಯಾಶ್ ರೇಟ್ ಬಿದ್ದಾಗ ಮಾರುಕಟ್ಟೆಗೆ ಬರುವ ಹೊಸ ನಾಣ್ಯ ಮೊದಲು ಕಡಿಮೆಯಾಗುತ್ತದೆ! ಡಿಫಿಕಲ್ಟಿ ಇಳಿದ ಮೇಲೆ, ಉಳಿದ ಮೈನರ್‌ಗಳಿಗೆ ಅದೇ ಯಂತ್ರ, ಅದೇ ಕರೆಂಟಿನಲ್ಲಿ ಹೆಚ್ಚು ನಾಣ್ಯ ಸಿಗತೊಡಗಿತು. ಅವರಿಗೆ ಮಾರುವ ಒತ್ತಾಯ ತಗ್ಗಿತು. ಜುಲೈ 20ರ ಹೊತ್ತಿಗೆ 30 ಸಾವಿರ ಡಾಲರ್‌ಗಿಂತ ಕೆಳಗಿದ್ದ ಬೆಲೆ ನವೆಂಬರ್‌ನಲ್ಲಿ 69 ಸಾವಿರದ ಹತ್ತಿರ ಮುಟ್ಟಿತು.

2018ರ ನವೆಂಬರ್‌ನದು ಬೇರೆಯೇ ಕಥೆ. ಅಲ್ಲಿ ಮೊದಲು ಬಿದ್ದದ್ದು ಬೆಲೆ, 6 ಸಾವಿರದ ಮೇಲಿನಿಂದ ತಿಂಗಳೊಪ್ಪತ್ತಿನಲ್ಲಿ 3,200ರ ಆಸುಪಾಸಿಗೆ. ಕರೆಂಟ್ ಖರ್ಚೂ ಹುಟ್ಟದ ಹಳೆಯ ಯಂತ್ರಗಳು ಆಮೇಲೆ ನಿಂತವು, ಡಿಸೆಂಬರ್ ಆರಂಭದಲ್ಲಿ ಡಿಫಿಕಲ್ಟಿ ಶೇ. 15ರಷ್ಟು ಇಳಿಯಿತು. ಇಲ್ಲಿ ಮೈನರ್‌ಗಳ ಸಂಕಟ ನಿಜ, ಮಾರಾಟವೂ ನಿಜವೇ. ಆದರೂ ಹ್ಯಾಶ್ ರೇಟ್ ಬೆಲೆಯ ಹಿಂದೆ ಬಂತೇ ಹೊರತು ಮುಂದೆ ಹೋಗಲಿಲ್ಲ. ಟೆಕ್ಸಸ್‌ನಲ್ಲಿ ವಿಪರೀತ ಚಳಿ ಅಥವಾ ಬಿಸಿಲಿದ್ದಾಗ ಗ್ರಿಡ್‌ನ ಹೊರೆ ಇಳಿಸಲು ಮೈನರ್‌ಗಳು ಯಂತ್ರ ನಿಲ್ಲಿಸುವುದಂತೂ ಸಂಕಟವೂ ಅಲ್ಲ. ಕೆಲವರಿಗೆ ಅದಕ್ಕೆ ಹಣವೇ ಸಿಗುತ್ತದೆ.

ಹೊಸ ನಾಣ್ಯ ಕಡಿಮೆಯಾದರೇನು, ಮೈನರ್‌ಗಳ ಬಳಿ ಕೂಡಿಟ್ಟ ದಾಸ್ತಾನು ಇಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. 2022ರ ಜೂನ್‌ನಲ್ಲಿ ಅಮೆರಿಕದ ಕೋರ್ ಸೈಂಟಿಫಿಕ್ ಕಂಪನಿ 7 ಸಾವಿರಕ್ಕೂ ಹೆಚ್ಚು ನಾಣ್ಯ ಮಾರಿತು. ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಮಾರಾಟ ಇಡೀ ಜಾಲದ ಎಂಟು ದಿನದ ಹುಟ್ಟುವಳಿಗೆ ಸಮ. ಬೆಲೆ ಬೀಳುವಾಗ ಇಂಥ ರಾಶಿ ಬಂದರೆ ಏರಿಕೆಗೆ ಅಡ್ಡಿಯಾಗುತ್ತದೆ ಎಂದು ಒಪ್ಪುತ್ತೇನೆ. ಆದರೆ ಆ ವರ್ಷ ಬೆಲೆಯನ್ನು ನೆಲ ಕಚ್ಚಿಸಿದ್ದು ಟೆರ್ರಾ, ಎಫ್‌ಟಿಎಕ್ಸ್‌ಗಳ ಕುಸಿತ. ಹ್ಯಾಶ್ ರೇಟಿನ 30 ದಿನದ ಸರಾಸರಿ 60 ದಿನದ್ದನ್ನು ಮತ್ತೆ ದಾಟಿದರೆ ಕೊಳ್ಳಬಹುದು ಎನ್ನುವ ‘ಹ್ಯಾಶ್ ರಿಬ್ಬನ್’ ಸೂತ್ರ 2022ರ ಆಗಸ್ಟ್‌ನಲ್ಲಿ ಹಸಿರು ತೋರಿಸಿತ್ತು. ಆಗ 21 ಸಾವಿರದ ಆಸುಪಾಸಿನಲ್ಲಿದ್ದ ಬೆಲೆ ನವೆಂಬರ್‌ನಲ್ಲಿ 16 ಸಾವಿರಕ್ಕಿಂತ ಕೆಳಗಿಳಿಯಿತು. ಸೂತ್ರದ ಲೆಕ್ಕದಲ್ಲಿ ಮೈನರ್‌ಗಳ ಸಂಕಟ ಮುಗಿದಿತ್ತು, ಮಾರುಕಟ್ಟೆಯದು ಮುಗಿದಿರಲಿಲ್ಲ.

2024ರ ಏಪ್ರಿಲ್‌ನ ಹಾಲ್ವಿಂಗ್ ನಂತರ ಬ್ಲಾಕ್‌ಗೆ ಸಿಗುವುದು 3.125 ನಾಣ್ಯ, ದಿನಕ್ಕೆ 450. ಬೆಲೆ 60 ಸಾವಿರ ಡಾಲರ್ ಇದ್ದಾಗ ಅಷ್ಟನ್ನೂ ಮಾರಿದರೂ ಆಗುವುದು 2.7 ಕೋಟಿ ಡಾಲರ್. ದಿನವೊಂದಕ್ಕೆ ನೂರಾರು ಕೋಟಿ ಡಾಲರ್ ವಹಿವಾಟು ನಡೆಯುವ ಮಾರುಕಟ್ಟೆಯಲ್ಲಿ ಇದು ಸಣ್ಣ ಪಾಲು. ಕೊಳ್ಳುವವರು ಕಡಿಮೆಯಿರುವ ವಾರಗಳಲ್ಲಿ ಮಾತ್ರ ಅದರ ಭಾರ ಗೊತ್ತಾಗುತ್ತದೆ.