ಕಾಲು ಭಾಗ ದುಡಿದೇ ಸುಸ್ತಾಗುವ ಸರ್ವರ್

ನಾಲ್ಕು ಕೋರ್‌ಗಳ ಒಂದು ಸರ್ವರ್. ಗ್ರಾಫ್‌ನಲ್ಲಿ ಸಿಪಿಯು ಬಳಕೆ ಶೇ 25ರ ಆಸುಪಾಸಿನಲ್ಲಿದೆ. ಮೆಮೊರಿ ಧಾರಾಳವಾಗಿದೆ, ಡೇಟಾಬೇಸಿಗೂ ತೊಂದರೆಯಿಲ್ಲ. ಆದರೂ ಆ್ಯಪ್ ತೆರೆದವರಿಗೆ ಪುಟ ಬರುತ್ತಿಲ್ಲ. ಮುಕ್ಕಾಲು ಪಾಲು ಶಕ್ತಿ ಕೈಕಟ್ಟಿ ಕುಳಿತಿರುವಾಗ ಸರ್ವರ್ ಏದುಸಿರು ಬಿಡುವುದಾದರೂ ಹೇಗೆ? ಕನ್ಕರೆನ್ಸಿ ಮತ್ತು ಪ್ಯಾರಲಲಿಸಂ ಎಂಬ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಿದಾಗ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ವರ್ಷಗಟ್ಟಲೆ ಕೋಡ್ ಬರೆದವರೂ ಇವನ್ನು ಒಂದೇ ಎಂಬಂತೆ ಎಣಿಸಿ ಸರ್ವರ್ ಕಟ್ಟುವುದುಂಟು.

ಹೋಟೆಲಿನ ದೋಸೆ ಭಟ್ಟರನ್ನು ನೆನಪಿಸಿಕೊಳ್ಳಿ. ಭಟ್ಟರು ಒಬ್ಬರೇ, ಕಾವಲಿಯ ಮೇಲೆ ಎಂಟು ದೋಸೆ. ಒಂದು ಬೇಯುತ್ತಿರುವಾಗ ಇನ್ನೊಂದಕ್ಕೆ ಹಿಟ್ಟು ಹೊಯ್ಯುತ್ತಾರೆ, ಮತ್ತೊಂದಕ್ಕೆ ಎಣ್ಣೆ ಬಿಡುತ್ತಾರೆ. ಎಂಟೂ ದೋಸೆಗಳು ಒಟ್ಟಿಗೆ ನಡೆಯುತ್ತಿವೆ, ಆದರೆ ಯಾವ ಕ್ಷಣದಲ್ಲೂ ಅವರ ಕೈ ಇರುವುದು ಒಂದರ ಮೇಲೆಯೇ. ಇದು ಕನ್ಕರೆನ್ಸಿ. ಪಕ್ಕದಲ್ಲಿ ಇನ್ನೊಬ್ಬ ಭಟ್ಟರು ನಿಂತರೆ ಒಂದೇ ಕ್ಷಣದಲ್ಲಿ ಎರಡು ಕೈ ಆಡುತ್ತವೆ. ಅದು ಪ್ಯಾರಲಲಿಸಂ. ಮೊದಲನೆಯದು ನಡೆಯುವುದು ದೋಸೆ ತಾನಾಗಿ ಬೇಯುವ ಸಮಯ ಇರುವುದರಿಂದ. ಅದೇ ಭಟ್ಟರನ್ನು ಚಟ್ನಿ ರುಬ್ಬಲು ಕೂರಿಸಿದರೆ ಕಾವಲಿಯ ಎಂಟೂ ದೋಸೆ ಸೀಯುತ್ತವೆ. ಸರ್ವರ್‌ನಲ್ಲೂ ಆಗುವುದು ಇದೇ.

1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಎಂಜಿನಿಯರ್ ಒಂದು ಪ್ರಶ್ನೆ ಎತ್ತಿದರು: ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಗ್ರಾಹಕರನ್ನು ಯಾಕೆ ನಿಭಾಯಿಸಬಾರದು? ಆಗಿನ ರೂಢಿಯಂತೆ ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್ ಅಥವಾ ಥ್ರೆಡ್ ಮೀಸಲಿಟ್ಟರೆ ಅವುಗಳಲ್ಲಿ ಹೆಚ್ಚಿನವು ಡೇಟಾಬೇಸ್‌ಗೋ ನೆಟ್‌ವರ್ಕ್‌ಗೋ ಕಾಯುತ್ತಾ ನಿಂತಿರುತ್ತಿದ್ದವು. ಕಾಯುವವರನ್ನೆಲ್ಲ ಪಟ್ಟಿಯಲ್ಲಿಟ್ಟು, ಯಾರ ಉತ್ತರ ಬಂತೋ ಅವರ ಕೆಲಸವನ್ನು ಮಾತ್ರ ಮುಂದುವರಿಸುವ ಒಂದೇ ಥ್ರೆಡ್‌ನ ಇವೆಂಟ್ ಲೂಪ್ ಇದಕ್ಕೆ ಸಿಕ್ಕ ಒಳ್ಳೆಯ ಪರಿಹಾರ. 2004ರಲ್ಲಿ ಹೊರಬಂದ ಎಂಜಿನ್‌ಎಕ್ಸ್ ಮತ್ತು 2009ರ ನೋಡ್ ಜೆಎಸ್ ನಿಂತಿರುವುದು ಇದರ ಮೇಲೆ.

ಈಗ ನಮ್ಮ ಸರ್ವರ್‌ಗೆ ಬರೋಣ. ಅದು ನೋಡ್ ಜೆಎಸ್‌ನದು ಎಂದುಕೊಳ್ಳಿ. ಒಂದು ಸಾಮಾನ್ಯ ರಿಕ್ವೆಸ್ಟ್‌ಗೆ 2 ಮಿಲಿಸೆಕೆಂಡ್ ಸಿಪಿಯು ಕೆಲಸ, 48 ಮಿಲಿಸೆಕೆಂಡ್ ಡೇಟಾಬೇಸ್‌ಗಾಗಿ ಕಾಯುವಿಕೆ. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕೂತರೆ ಸೆಕೆಂಡಿಗೆ 20 ರಿಕ್ವೆಸ್ಟ್ ಮಾತ್ರ ಸಾಗುತ್ತದೆ. ಕಾಯುವ ಹೊತ್ತನ್ನು ಬೇರೆಯವರಿಗೆ ಕೊಟ್ಟರೆ ಅದೇ ಒಂದು ಕೋರ್ ಲೆಕ್ಕದ ಮಟ್ಟಿಗೆ 500ರವರೆಗೆ ಹೋಗಬಲ್ಲದು. ಹೊಸ ಕೋರ್ ಸೇರಿಸದೆ, ಬರೀ ಕನ್ಕರೆನ್ಸಿಯಿಂದ, ಇಪ್ಪತ್ತೈದು ಪಟ್ಟು. ಸದ್ಯ ಸೆಕೆಂಡಿಗೆ 300 ರಿಕ್ವೆಸ್ಟ್ ಬರುತ್ತಿವೆ ಎನ್ನೋಣ. ಸೆಕೆಂಡಿಗೆ ಬರುವ ಸಂಖ್ಯೆಯನ್ನು ಪ್ರತಿಯೊಂದೂ ಒಳಗಿರುವ ಕಾಲದಿಂದ ಗುಣಿಸಿದರೆ ಒಳಗಿರುವವರ ಸರಾಸರಿ ಸಂಖ್ಯೆ ಸಿಗುತ್ತದೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ ಇದು. 300ನ್ನು 0.05ರಿಂದ ಗುಣಿಸಿದರೆ 15. ಅಂದರೆ ಸರಾಸರಿ 15 ರಿಕ್ವೆಸ್ಟ್‌ಗಳು ಒಟ್ಟಿಗೆ ನಡೆಯುತ್ತಿರುತ್ತವೆ, ಕೋರ್ ಮಾತ್ರ ಶೇ 60ರಷ್ಟು ದುಡಿಯುತ್ತದೆ. ಎಲ್ಲವೂ ನೆಮ್ಮದಿಯಾಗಿದೆ.

ಅಷ್ಟರಲ್ಲಿ ಒಬ್ಬರು ಲಾಗಿನ್ ಆಗುತ್ತಾರೆ. ಪಾಸ್‌ವರ್ಡ್ ಪರೀಕ್ಷಿಸುವ ಹ್ಯಾಶ್ ಲೆಕ್ಕ ಬೇಕೆಂದೇ ನಿಧಾನವಾಗಿರುತ್ತದೆ. ಕಳ್ಳರು ಕೋಟ್ಯಂತರ ಪಾಸ್‌ವರ್ಡ್‌ಗಳನ್ನು ಬೇಗ ಊಹಿಸಿ ನೋಡಬಾರದೆಂದು ಒಂದೇ ಲೆಕ್ಕವನ್ನು ಲಕ್ಷಾಂತರ ಸಲ ತಿರುಗಿಸುತ್ತಾರೆ.

```js
const key = crypto.pbkdf2Sync(pw, salt, 600000, 32, 'sha256');
```

ಈ ಒಂದು ಸಾಲಿಗೆ ನಮ್ಮ ಯಂತ್ರದಲ್ಲಿ 200 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಇದರಲ್ಲಿ ಕಾಯುವಿಕೆ ಎಂಬುದೇ ಇಲ್ಲ, ಎಲ್ಲವೂ ಸಿಪಿಯು ಕೆಲಸ. ಅಷ್ಟು ಹೊತ್ತು ಇವೆಂಟ್ ಲೂಪ್ ಕದಲುವುದಿಲ್ಲ. ಆ 200 ಮಿಲಿಸೆಕೆಂಡ್‌ಗಳಲ್ಲಿ 60 ರಿಕ್ವೆಸ್ಟ್‌ಗಳು ಬಂದು ಸರದಿಯಲ್ಲಿ ನಿಲ್ಲುತ್ತವೆ, ಅಂದರೆ 120 ಮಿಲಿಸೆಕೆಂಡ್‌ನಷ್ಟು ಬಾಕಿ ಕೆಲಸ. ಲೂಪ್ ಬಿಡುಗಡೆಯಾದ ಮೇಲೂ ಅದರ ಶೇ 60ರಷ್ಟು ಸಮಯ ಹೊಸದಾಗಿ ಬರುವವರಿಗೇ ಹೋಗುವುದರಿಂದ, ಬಾಕಿ ತೀರಲು ಇನ್ನೂ 300 ಮಿಲಿಸೆಕೆಂಡ್ ಬೇಕು. ಒಬ್ಬರ ಲಾಗಿನ್, ಎಲ್ಲರಿಗೂ ಅರ್ಧ ಸೆಕೆಂಡಿನ ತೊಡಕು. ಸೆಕೆಂಡಿಗೆ ಇಬ್ಬರು ಲಾಗಿನ್ ಆದರೆ 400 ಮಿಲಿಸೆಕೆಂಡ್ ಸೇರಿ ಆ ಕೋರ್ ಪೂರ್ತಿ ತುಂಬುತ್ತದೆ, ಸರದಿ ಕರಗುವುದೇ ಇಲ್ಲ. ಒಂದು ಕೋರ್ ತುಂಬಿದರೆ ನಾಲ್ಕು ಕೋರ್‌ಗಳ ಗ್ರಾಫ್ ತೋರಿಸುವುದು ಶೇ 25ನ್ನು. ಸರಾಸರಿಯನ್ನು ನಂಬಿ ಕೂತವರು ಮೋಸಹೋಗುವುದು ಇಲ್ಲೇ. `top -H` ಹಾಕಿ ಥ್ರೆಡ್‌ಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದು ಥ್ರೆಡ್ ಶೇ 100ಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ. ನೋಡ್‌ನ `monitorEventLoopDelay()` ಅಳತೆಯಲ್ಲೂ 200ರ ಸುತ್ತಮುತ್ತಲಿನ ಉಬ್ಬುಗಳು ಎದ್ದಿರುತ್ತವೆ.

ಈ ಕೋಡನ್ನು `async` ಫಂಕ್ಷನ್‌ನೊಳಗೆ ಸುತ್ತಿದರೆ ಸರಿಹೋದೀತು ಎಂದು ಅನೇಕರು ನಂಬುತ್ತಾರೆ. ಸರಿಹೋಗುವುದಿಲ್ಲ. ಆ ಪದ ಕಾಯುವಿಕೆಯನ್ನು ಹೆಣೆಯಲು ನೆರವಾಗುತ್ತದೆಯೇ ಹೊರತು ಕೆಲಸವನ್ನು ಬೇರೆ ಕೋರ್‌ಗೆ ಒಯ್ಯುವುದಿಲ್ಲ. ಇಲ್ಲಿ ಬೇಕಿರುವುದು ಪ್ಯಾರಲಲಿಸಂ, ಅಂದರೆ ನಿಜವಾಗಿಯೂ ಇನ್ನೊಂದು ಕೋರ್‌ನಲ್ಲಿ ಓಡುವ ಇನ್ನೊಂದು ಥ್ರೆಡ್. `pbkdf2Sync` ಬದಲು ಕಾಲ್‌ಬ್ಯಾಕ್ ಇರುವ `pbkdf2` ಕರೆದರೆ ನೋಡ್ ಆ ಲೆಕ್ಕವನ್ನು ತನ್ನ ಥ್ರೆಡ್ ಪೂಲ್‌ಗೆ ಒಪ್ಪಿಸುತ್ತದೆ. ಆ ಪೂಲ್‌ನಲ್ಲಿ ಮೊದಲಿಗೆ ಇರುವುದು ನಾಲ್ಕು ಥ್ರೆಡ್‌ಗಳು, `UV_THREADPOOL_SIZE` ಮೂಲಕ ಹೆಚ್ಚಿಸಬಹುದು.

ಹಾಗಾದರೆ ಹದಿನಾರು ಮಾಡೋಣವೇ? ಹದಿನಾರು ಲಾಗಿನ್‌ಗಳು ಒಟ್ಟಿಗೆ ಬಂದವು, ನಾಲ್ಕೂ ಕೋರ್‌ಗಳು ಅವಕ್ಕೇ ಮೀಸಲು ಎಂದುಕೊಳ್ಳಿ. ಪೂಲ್‌ನಲ್ಲಿ ನಾಲ್ಕೇ ಥ್ರೆಡ್ ಇದ್ದರೆ ಮೊದಲ ನಾಲ್ವರು 200 ಮಿಲಿಸೆಕೆಂಡ್‌ಗೆ ಮುಗಿಸುತ್ತಾರೆ, ಮುಂದಿನ ನಾಲ್ವರು 400ಕ್ಕೆ, ಆಮೇಲಿನವರು 600ಕ್ಕೆ, ಕೊನೆಯವರು 800ಕ್ಕೆ. ಸರಾಸರಿ 500. ಥ್ರೆಡ್ ಹದಿನಾರಾದರೆ ನಾಲ್ಕು ಕೋರ್‌ಗಳು ಎಲ್ಲರ ನಡುವೆ ಹಂಚಿಹೋಗಿ, ಹದಿನಾರೂ ಮಂದಿ ಹೆಚ್ಚುಕಡಿಮೆ 800ಕ್ಕೇ ಮುಗಿಸುತ್ತಾರೆ. ಒಟ್ಟು ಕೆಲಸ ಬೇಗ ಮುಗಿಯಲಿಲ್ಲ, ಮೊದಲು ಬಂದವರಿಗೂ ತಡವಾಯಿತು. ಕಾಯುವ ಕೆಲಸಕ್ಕೆ ಸಂಖ್ಯೆ ಹೆಚ್ಚಿಸಿದಷ್ಟೂ ಲಾಭವಿತ್ತು, ಲೆಕ್ಕದ ಕೆಲಸಕ್ಕೆ ಕೋರ್‌ಗಳ ಸಂಖ್ಯೆಯೇ ಗಡಿ. ಒಂದೇ ಸರ್ವರ್‌ನಲ್ಲಿ ಈ ಎರಡು ಮಿತಿಗಳನ್ನು ಬೇರೆ ಬೇರೆಯಾಗಿಯೇ ನಿಗದಿಪಡಿಸಬೇಕು.

ಪೂಲ್ ಬಳಸುವಾಗ ಇನ್ನೊಂದು ಸಿಕ್ಕು ಇದೆ. ಫೈಲ್ ಓದುವುದು, `dns.lookup` ಮೂಲಕ ಹೆಸರಿನಿಂದ ವಿಳಾಸ ಹುಡುಕುವುದು ಕೂಡ ಆ ನಾಲ್ಕು ಥ್ರೆಡ್‌ಗಳದೇ ಕೆಲಸ. ಹ್ಯಾಶ್‌ಗಳು ನಾಲ್ಕನ್ನೂ ಹಿಡಿದು ಕೂತರೆ ಲಾಗಿನ್‌ಗೆ ಏನೇನೂ ಸಂಬಂಧವಿಲ್ಲದ ಹೊರಸಂಪರ್ಕಗಳು ಕಾರಣವೇ ತಿಳಿಯದಂತೆ ನಿಂತುಬಿಡುತ್ತವೆ. ನನ್ನ ಆಯ್ಕೆ ಹ್ಯಾಶ್‌ಗೆಂದೇ ಮೂರು ವರ್ಕರ್ ಥ್ರೆಡ್‌ಗಳನ್ನು ಬೇರೆ ಇಟ್ಟು ಒಂದು ಕೋರ್ ಅನ್ನು ಇವೆಂಟ್ ಲೂಪ್‌ಗೆ ಬಿಡುವುದು. ವರ್ಕರ್ ಒಳಗೆ `pbkdf2Sync` ಅನ್ನೇ ಕರೆಯಬೇಕು. ಕಾಲ್‌ಬ್ಯಾಕ್ ರೂಪ ಕರೆದರೆ ಕೆಲಸ ಮತ್ತೆ ಅದೇ ಹಂಚಿಕೆಯ ಪೂಲ್‌ಗೆ ಹೋಗುತ್ತದೆ. ಮೂರು ವರ್ಕರ್‌ಗಳು ಸೆಕೆಂಡಿಗೆ 15 ಲಾಗಿನ್ ನಿಭಾಯಿಸುತ್ತವೆ. ಅದಕ್ಕಿಂತ ಹೆಚ್ಚು ಬಂದರೆ? ಸರದಿಯನ್ನು 15ಕ್ಕೆ ಮಿತಿಗೊಳಿಸಿ, ಆಮೇಲಿನವರಿಗೆ ತಕ್ಷಣ 503 ಉತ್ತರ ಕೊಡಿ. 15 ಜನರ ಸರದಿ ಎಂದರೆ ಹೆಚ್ಚೆಂದರೆ ಒಂದು ಸೆಕೆಂಡಿನ ಕಾಯುವಿಕೆ. ಮಿತಿ ಇಲ್ಲದ ಸರದಿಯಲ್ಲಿ ಬೇಸತ್ತು ಹೊರಟುಹೋದವರ ಪಾಸ್‌ವರ್ಡ್‌ಗಳನ್ನೂ ಸರ್ವರ್ ಲೆಕ್ಕ ಹಾಕುತ್ತಾ ಕೂರುತ್ತದೆ.

ಒಂದೇ ಥ್ರೆಡ್ ಇದ್ದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುವ ಭಯವಿಲ್ಲ ಎಂಬ ಮಾತೂ ಚಾಲ್ತಿಯಲ್ಲಿದೆ. ಇದೇ ಲಾಗಿನ್‌ನಲ್ಲಿ ಅದು ಸುಳ್ಳಾಗುತ್ತದೆ. ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ ಬಂದ್ ಎಂಬ ನಿಯಮವಿದೆ. ಕೋಡ್ ಮೊದಲು ಡೇಟಾಬೇಸ್‌ನಿಂದ ತಪ್ಪುಗಳ ಎಣಿಕೆ ಓದುತ್ತದೆ, ಪಾಸ್‌ವರ್ಡ್ ನೋಡುತ್ತದೆ, ತಪ್ಪಿದ್ದರೆ ಎಣಿಕೆಗೆ ಒಂದು ಸೇರಿಸಿ ಬರೆಯುತ್ತದೆ. ದಾಳಿಕೋರ ಒಂದೇ ಖಾತೆಗೆ ಐವತ್ತು ಪಾಸ್‌ವರ್ಡ್‌ಗಳನ್ನು ಒಟ್ಟಿಗೆ ಕಳಿಸಿದರೆ, ಮೊದಲನೆಯ ರಿಕ್ವೆಸ್ಟ್ `await` ಬಳಿ ಕಾಯುತ್ತಿರುವಾಗಲೇ ಉಳಿದವೂ ಅದೇ ಎಣಿಕೆಯನ್ನು ಓದುತ್ತವೆ. ಎಲ್ಲಕ್ಕೂ ಸಿಗುವುದು ಸೊನ್ನೆ, ಐದರ ಗಡಿ ದಾಟಿ ಐವತ್ತೂ ಒಳಹೋಗುತ್ತವೆ. ಪ್ಯಾರಲಲಿಸಂ ಇಲ್ಲಿ ಎಳ್ಳಷ್ಟೂ ಇಲ್ಲ, ಕೆಲಸಗಳು ಒಂದರೊಳಗೊಂದು ಹೆಣೆದುಕೊಂಡದ್ದೇ ಸಾಕಾಯಿತು. ಇದನ್ನು ತಡೆಯಲು ಓದು ಮತ್ತು ಬರಹದ ನಡುವೆ ಬಿಡುವೇ ಇಲ್ಲದಂತೆ, ಪಾಸ್‌ವರ್ಡ್ ನೋಡುವ ಮೊದಲೇ, ಒಂದೇ ಹೇಳಿಕೆಯಲ್ಲಿ ಎಣಿಕೆ ಏರಿಸಬೇಕು:

```sql
UPDATE users SET fails = fails + 1
WHERE id = $1 RETURNING fails;
```

ಮರಳಿ ಬಂದ ಸಂಖ್ಯೆ ಐದಕ್ಕಿಂತ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಬಹುದು. ಪಾಸ್‌ವರ್ಡ್ ಸರಿಯಿದ್ದರೆ ಎಣಿಕೆಯನ್ನು ಮತ್ತೆ ಸೊನ್ನೆಗೆ ತಂದರಾಯಿತು.

ಇಷ್ಟೆಲ್ಲ ಸರಿಮಾಡಿದ ಸರ್ವರ್ ಅನ್ನು ಕಂಟೇನರ್‌ನೊಳಗೆ ಇಟ್ಟಾಗ ಕೋರ್‌ಗಳ ಲೆಕ್ಕ ಮತ್ತೆ ತಪ್ಪಬಹುದು. ಲಿನಕ್ಸ್‌ನಲ್ಲಿ ಸಿಪಿಯು ಮಿತಿಯನ್ನು ಸಾಮಾನ್ಯವಾಗಿ 100 ಮಿಲಿಸೆಕೆಂಡ್‌ಗಳ ಕಂತುಗಳಲ್ಲಿ ಅಳೆಯುತ್ತಾರೆ. ಮಿತಿ ಒಂದು ಸಿಪಿಯು ಎಂದಿದ್ದರೆ ಪ್ರತಿ ಕಂತಿಗೆ 100 ಮಿಲಿಸೆಕೆಂಡ್ ದುಡಿಮೆಗಷ್ಟೇ ಅನುಮತಿ. ನಮ್ಮ ಮೂರು ವರ್ಕರ್‌ಗಳೂ ಲೂಪೂ ನಾಲ್ಕು ಕೋರ್‌ಗಳಲ್ಲಿ ಒಟ್ಟಿಗೆ ಓಡಿದರೆ ಆ ಪಾಲು 25 ಮಿಲಿಸೆಕೆಂಡ್‌ನಲ್ಲೇ ಖರ್ಚಾಗಿ, ಉಳಿದ 75 ಮಿಲಿಸೆಕೆಂಡ್ ಇವೆಂಟ್ ಲೂಪ್ ಸಮೇತ ಎಲ್ಲವೂ ನಿಲ್ಲುತ್ತವೆ. ಗೋ ಭಾಷೆಯವರೂ ಇದನ್ನು ಅನುಭವಿಸಿದ್ದಾರೆ. 2015ರ 1.5 ಆವೃತ್ತಿಗೆ ಮುನ್ನ ಗೋ ಪ್ರೋಗ್ರಾಂ ತಾನಾಗಿ ಬಳಸುತ್ತಿದ್ದುದು ಒಂದೇ ಕೋರ್, ಸಾವಿರಾರು ಗೋರೂಟೀನ್‌ಗಳಿದ್ದರೂ. ಆಮೇಲೆ ಯಂತ್ರದಲ್ಲಿ ಕಂಡ ಕೋರ್‌ಗಳನ್ನೆಲ್ಲ ಬಳಸತೊಡಗಿತು. ಕಂಟೇನರ್‌ನ ಮಿತಿಯನ್ನು ಅದು ತಾನೇ ಗಮನಿಸತೊಡಗಿದ್ದು 2025ರ 1.25ರಿಂದ. ನಿಮ್ಮ ಕಂಟೇನರ್‌ನಲ್ಲಿ ಹೀಗಾಗುತ್ತಿದೆಯೇ ಎಂದು `/sys/fs/cgroup/cpu.stat` ಕಡತದ `nr_throttled` ಹೇಳುತ್ತದೆ. ಅದು ಏರುತ್ತಲೇ ಇದ್ದರೆ ವರ್ಕರ್‌ಗಳು ಮಿತಿಗಿಂತ ಹೆಚ್ಚಿವೆ.

ಪರೀಕ್ಷೆ ಮಾಡುವಾಗ ಸಾಮಾನ್ಯ ರಿಕ್ವೆಸ್ಟ್‌ಗಳನ್ನು ಸೆಕೆಂಡಿಗೆ 300ಕ್ಕೆ ಕಟ್ಟಿಹಾಕಿ, ಲಾಗಿನ್‌ಗಳನ್ನು ಒಂದರಿಂದ ಇಪ್ಪತ್ತರವರೆಗೆ ಒಂದೊಂದಾಗಿ ಏರಿಸಿ. ನೋಡಬೇಕಾದದ್ದು ಸರಾಸರಿಯನ್ನಲ್ಲ, ಸಾಮಾನ್ಯ ರಿಕ್ವೆಸ್ಟ್‌ಗಳಲ್ಲಿ ಅತಿ ನಿಧಾನದ ನೂರಕ್ಕೊಂದು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದನ್ನು. ವಿನ್ಯಾಸ ಸರಿಯಿದ್ದರೆ ಹದಿನೈದರ ಆಚೆ ಲಾಗಿನ್‌ಗಳಿಗೆ 503 ಬರತೊಡಗುತ್ತದೆ, ಈ ಅಂಕಿ ಮಾತ್ರ ಹೆಚ್ಚು ಅಲುಗುವುದಿಲ್ಲ. ಮೊದಲ ಒಂದೆರಡು ಲಾಗಿನ್‌ಗಳಿಗೇ ಅದು 200 ದಾಟಿದರೆ, ಇವೆಂಟ್ ಲೂಪ್‌ನಲ್ಲಿ ಇನ್ನೂ ಎಲ್ಲೋ ಒಂದು ಹ್ಯಾಶ್ ಉಳಿದುಕೊಂಡಿದೆ.