ಒಂದೇ ದಿನದಲ್ಲಿ ಕಡಿಮೆಯಾದ 5,377 ಸಾವುಗಳು

2020ರ ಆಗಸ್ಟ್ 12ರಂದು ಬ್ರಿಟನ್ ಸರ್ಕಾರದ ಕೋವಿಡ್ ಡ್ಯಾಶ್‌ಬೋರ್ಡ್ ನೋಡಿದವರು ಕಣ್ಣುಜ್ಜಿಕೊಂಡಿರಬೇಕು. ಸಾವಿನ ಒಟ್ಟು ಲೆಕ್ಕ 46,706ರಿಂದ 41,329ಕ್ಕೆ ಇಳಿದಿತ್ತು. ಸತ್ತವರು ಯಾರೂ ಎದ್ದು ಬಂದಿರಲಿಲ್ಲ. ಯಾವ ಸಾವನ್ನು ಕೋವಿಡ್ ಲೆಕ್ಕಕ್ಕೆ ಸೇರಿಸಬೇಕು ಎಂಬ ನಿಯಮ ಬದಲಾಗಿತ್ತು, ಅಷ್ಟೆ.

ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಅಂಗವಾಗಿದ್ದ ‘ಪಬ್ಲಿಕ್ ಹೆಲ್ತ್ ಇಂಗ್ಲೆಂಡ್’ ಅಲ್ಲಿಯವರೆಗೆ ಮಾಡುತ್ತಿದ್ದ ಕೆಲಸ ಸರಳವಾಗಿತ್ತು. ಕೋವಿಡ್ ಪಾಸಿಟಿವ್ ಬಂದವರ ಪಟ್ಟಿಯನ್ನು ಸತ್ತವರ ಪಟ್ಟಿಯೊಂದಿಗೆ ತಾಳೆ ನೋಡುವುದು, ಎರಡರಲ್ಲೂ ಇರುವ ಹೆಸರುಗಳನ್ನು ಎಣಿಸುವುದು. ಸಾಂಕ್ರಾಮಿಕದ ಮೊದಲ ವಾರಗಳಲ್ಲಿ ಇದರಿಂದ ತೊಂದರೆಯಾಗಲಿಲ್ಲ. ತಿಂಗಳುಗಳು ಕಳೆದಂತೆ ಪಾಸಿಟಿವ್ ಪಟ್ಟಿ ಬೆಳೆಯಿತು. ಗುಣವಾಗಿ ಮನೆಗೆ ಹೋದವರು ಮೂರು ತಿಂಗಳ ನಂತರ ಬಸ್ಸಿಗೆ ಸಿಕ್ಕಿ ಸತ್ತರೂ ಕೋವಿಡ್ ಲೆಕ್ಕಕ್ಕೇ ಸೇರುತ್ತಿದ್ದರು. ಜುಲೈನಲ್ಲಿ ಯೂನ್ ಲೋಕ್ ಮತ್ತು ಕಾರ್ಲ್ ಹೆನೆಗನ್ ಎಂಬ ಇಬ್ಬರು ಸಂಶೋಧಕರು ಇದನ್ನು ಎತ್ತಿ ತೋರಿಸಿದ ಮೇಲೆ ಸರ್ಕಾರ ಪರಿಶೀಲನೆಗೆ ಆದೇಶಿಸಿತು. ಪಾಸಿಟಿವ್ ಬಂದ 28 ದಿನಗಳೊಳಗೆ ಸತ್ತರೆ ಮಾತ್ರ ಮುಖ್ಯ ಲೆಕ್ಕಕ್ಕೆ ಎಂಬುದು ಅದರ ತೀರ್ಮಾನ.

ಇದು ಇಂದಿನಿಂದ ಜಾರಿ ಎಂದು ಬಿಟ್ಟಿದ್ದರೆ ಜುಲೈವರೆಗಿನ ಗ್ರಾಫ್ ಒಂದು ಅಳತೆಯದು, ಆಮೇಲಿನದು ಇನ್ನೊಂದರದು ಆಗುತ್ತಿತ್ತು. ಸಾವು ಕಡಿಮೆಯಾದದ್ದು ರೋಗ ಇಳಿದದ್ದರಿಂದಲೋ ನಿಯಮ ಬದಲಾದದ್ದರಿಂದಲೋ ಹೇಳಲು ಬರುತ್ತಿರಲಿಲ್ಲ. ವ್ಯತ್ಯಾಸದ 5,377ನ್ನು ಒಂದೇ ದಿನದ ಲೆಕ್ಕದಲ್ಲಿ ಕಳೆಯುವುದು ಅದಕ್ಕಿಂತ ಕೆಟ್ಟ ದಾರಿ. ಆ ದಿನ ಸಾವಿರಾರು ‘ಮೈನಸ್ ಸಾವು’ ಸಂಭವಿಸಿದಂತೆ ಕಾಣುತ್ತದೆ. ಹಾಗಾಗಿ ಹೊಸ ನಿಯಮವನ್ನು ಮೊದಲ ದಿನದಿಂದಲೇ ಹಿಂದಕ್ಕೂ ಅನ್ವಯಿಸಬೇಕಾಯಿತು. ಪ್ರತಿಯೊಬ್ಬರ ಪರೀಕ್ಷೆಯ ದಿನ ಮತ್ತು ಸಾವಿನ ದಿನ ಬೇರೆಬೇರೆಯಾಗಿ ದಾಖಲಾಗಿದ್ದುದರಿಂದ ಇದು ಸಾಧ್ಯವಾಯಿತು. ದಿನದ ಮೊತ್ತವನ್ನಷ್ಟೇ ಇಟ್ಟುಕೊಂಡಿದ್ದರೆ ಮರುಲೆಕ್ಕದ ಮಾತೇ ಇರುತ್ತಿರಲಿಲ್ಲ.

ಊಹೆಯ ಮೂವರನ್ನು ತೆಗೆದುಕೊಳ್ಳೋಣ. ಮೂವರಿಗೂ ಏಪ್ರಿಲ್ 1ರಂದು ಪಾಸಿಟಿವ್. ಒಬ್ಬರು ಏಪ್ರಿಲ್ 10ರಂದು ತೀರಿಕೊಂಡರು. ಇನ್ನೊಬ್ಬರು ವೆಂಟಿಲೇಟರ್ ಮೇಲಿದ್ದು ಮೇ 20ರಂದು, ಅಂದರೆ 49ನೇ ದಿನ. ಮೂರನೆಯವರು ಜುಲೈ 15ರಂದು ಹೃದಯಾಘಾತದಿಂದ. ಹಳೆಯ ನಿಯಮದಲ್ಲಿ ಮೂರು ಸಾವು, ಹೊಸದರಲ್ಲಿ ಒಂದೇ. ಮೂರನೆಯವರನ್ನು ಬಿಟ್ಟದ್ದು ನ್ಯಾಯ, ಎರಡನೆಯವರನ್ನು ಬಿಟ್ಟದ್ದು ಅನ್ಯಾಯ. ಅಧಿಕಾರಿಗಳಿಗೂ ಇದು ಗೊತ್ತಿತ್ತು. ಅದಕ್ಕೇ 60 ದಿನಗಳೊಳಗಿನ ಸಾವು, ಅದಕ್ಕೂ ತಡವಾದರೆ ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ನಮೂದಾಗಿರುವ ಸಾವು, ಇವೆರಡನ್ನೂ ಸೇರಿಸಿಕೊಳ್ಳುವ ಎರಡನೇ ಅಳತೆಯನ್ನೂ ಅಂದೇ ಘೋಷಿಸಿದರು. ಹಳೆಯ ಪಟ್ಟಿಯ ಸುಮಾರು 88 ಶೇಕಡಾ ಸಾವುಗಳು 28 ದಿನದ ಅಳತೆಗೂ 96 ಶೇಕಡಾ ಈ ಎರಡನೆಯದಕ್ಕೂ ಸಿಗುತ್ತವೆ ಎಂದು ಅದರ ಜೊತೆಗಿದ್ದ ತಾಂತ್ರಿಕ ಟಿಪ್ಪಣಿ ಹೇಳಿತು. ನನ್ನ ಮಟ್ಟಿಗೆ ಇಡೀ ತಿದ್ದುಪಡಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಆ ಟಿಪ್ಪಣಿಯೇ. ಹಳತಕ್ಕೂ ಹೊಸತಕ್ಕೂ ನಡುವೆ ಎಷ್ಟು, ಏಕೆ ಎಂಬುದಕ್ಕೆ ಅಲ್ಲಿ ಉತ್ತರವಿತ್ತು.

ಇನ್ನು ಹಳೆಯ ಅಂಕಿಯ ಗತಿ. ಆಗಸ್ಟ್ 11ರ ಪತ್ರಿಕೆಯಲ್ಲಿ ಮುದ್ರಣವಾದ ಸಂಖ್ಯೆ ಸುಳ್ಳಲ್ಲ, ಆಗಿನ ನಿಯಮಕ್ಕೆ ಅದು ಸರಿ. ಇದನ್ನು ಉಳಿಸಿಕೊಳ್ಳಲು ಪ್ರತಿ ಅಂಕಿಗೂ ಎರಡು ತಾರೀಕು ಬೇಕು: ಅದು ಯಾವ ದಿನಕ್ಕೆ ಸಂಬಂಧಿಸಿದ್ದು, ಯಾವ ದಿನ ಪ್ರಕಟವಾದದ್ದು. ಬ್ರಿಟನ್ನಿನ ಡ್ಯಾಶ್‌ಬೋರ್ಡ್ ಮುಂದೆ ಇಂಥ ಸೌಲಭ್ಯ ಕೊಟ್ಟಿತು. ದತ್ತಾಂಶ ಇಳಿಸಿಕೊಳ್ಳುವ ವಿಳಾಸಕ್ಕೆ `release` ಎಂಬ ತಾರೀಕು ಸೇರಿಸಿದರೆ ಆ ದಿನ ಜನ ಕಂಡಿದ್ದ ಅಂಕಿಗಳೇ ಬರುತ್ತಿದ್ದವು. ನಿಯಮವನ್ನು ಹೆಸರಿನೊಳಗೇ ಇಟ್ಟದ್ದು ಇನ್ನೊಂದು ಜಾಣತನ. `newDeaths28DaysByDeathDate` ಎಂಬ ಹೆಸರನ್ನು ಓದಿದರೆ 28 ದಿನದ ಮಿತಿಯೂ ಸಾವಿನ ದಿನದ ಲೆಕ್ಕವೂ ಗೊತ್ತಾಗುತ್ತದೆ. 60 ದಿನದ್ದಕ್ಕೆ ಬೇರೆಯೇ ಹೆಸರು. ಒಂದರ ಜಾಗದಲ್ಲಿ ಇನ್ನೊಂದು ಸದ್ದಿಲ್ಲದೆ ಬಂದು ಕೂರಲಾರದು.

ಸೋಂಕಿನ ಲೆಕ್ಕದಲ್ಲಿ ಇದೇ ಡ್ಯಾಶ್‌ಬೋರ್ಡ್ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. 2022ರ ಜನವರಿ 31ರಂದು ಇಂಗ್ಲೆಂಡ್ ಮರುಸೋಂಕನ್ನೂ ಎಣಿಸತೊಡಗಿತು. ಹಿಂದಿನ ಪಾಸಿಟಿವ್‌ನಿಂದ 90 ದಿನ ದಾಟಿ ಮತ್ತೆ ಪಾಸಿಟಿವ್ ಬಂದರೆ ಅದು ಹೊಸ ಸೋಂಕು. ಈ ಬಾರಿಯೂ ಇತಿಹಾಸವನ್ನು ಮೊದಲಿನಿಂದ ತಿದ್ದಿದರು, ಮೊದಲ ಸೋಂಕು ಮತ್ತು ಮರುಸೋಂಕುಗಳನ್ನು ಪ್ರತ್ಯೇಕವಾಗಿಯೂ ಕೊಟ್ಟರು. ಆದರೆ `newCasesBySpecimenDate` ಎಂಬ ಹಳೆಯ ಹೆಸರು ಹಾಗೇ ಉಳಿದು ಅದರ ಅರ್ಥ ಮಾತ್ರ ಬದಲಾಯಿತು. ಜನವರಿಯಲ್ಲಿ ಇಳಿಸಿಕೊಂಡ ಕಡತದ ಮುಂದಕ್ಕೆ ಫೆಬ್ರವರಿಯ ಸಾಲುಗಳನ್ನು ಅಂಟಿಸಿದವರಿಗೆ ಹೆಸರು ಒಂದೇ ಆದ್ದರಿಂದ ಎಚ್ಚರಿಕೆ ಸಿಗುವುದಿಲ್ಲ. ಪತ್ತೆ ಹಚ್ಚಲು ಒಂದೇ ದಾರಿ: ಮುಗಿದುಹೋದ ಯಾವುದಾದರೂ ದಿನವನ್ನು, 2021ರ ಡಿಸೆಂಬರಿನ ಒಂದು ದಿನ ಎನ್ನಿ, ಎರಡೂ ಕಡತಗಳಲ್ಲಿ ಹೋಲಿಸುವುದು. ತಡವಾಗಿ ಬಂದ ವರದಿಗಳಿಂದ ಅಲ್ಪಸ್ವಲ್ಪ ಏರಬಹುದು. ಹಿಂದಿನ ಅಷ್ಟೂ ವಾರಗಳು ಒಟ್ಟಿಗೆ ಏರಿದ್ದರೆ ಬದಲಾದದ್ದು ನಿಯಮ.