ಮರಳಿ ಹೋದ ಸಂಬಳ

ಪೀಣ್ಯದ ಕಾರ್ಖಾನೆಗೆ ಹೊಸದಾಗಿ ಸೇರಿದ ಯುವತಿಯೊಬ್ಬರ ಪೇಸ್ಲಿಪ್ ಬಂತು, ಸಂಬಳ ಬರಲಿಲ್ಲ. ಖಾತೆ ಸಂಖ್ಯೆಯಲ್ಲಿ 47 ಇರಬೇಕಾದಲ್ಲಿ 74 ಆಗಿತ್ತು.

ಅದೃಷ್ಟಕ್ಕೆ ಆ ಸಂಖ್ಯೆಯ ಖಾತೆಯೇ ಇರಲಿಲ್ಲ. ನೆಫ್ಟ್‌ನಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಆ ಸಂಖ್ಯೆ ಬೇರೆಯವರದ್ದಾಗಿದ್ದರೆ ಸಂಬಳ ಅವರ ಪಾಲಾಗಿ, ವಾಪಸಾತಿಗೆ ಅವರ ಒಪ್ಪಿಗೆಯನ್ನೇ ಕಾಯಬೇಕಾಗುತ್ತಿತ್ತು. ಇಲ್ಲದ ಖಾತೆಯ ಹಣವನ್ನಾದರೆ, ನಿಯಮದಂತೆ ಬ್ಯಾಂಕು ಆ ಬ್ಯಾಚ್ ಇತ್ಯರ್ಥವಾದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು.

ಆದರೆ ಹಣ ಮರಳುವುದು ಕಂಪನಿಯ ಖಾತೆಗೆ. ನೂರಾರು ಪಾವತಿಗಳ ನಡುವೆ ಆ ಒಂದು ಸಾಲು ಸಂಬಳ ವಿಭಾಗದ ಕಣ್ಣಿಗೆ ಬೀಳದೆ ದಿನಗಟ್ಟಲೆ ಕೂರಬಹುದು. ‘ಸಂಬಳ ಬಂದಿಲ್ಲ’ ಎಂಬ ಒಂದು ಸಾಲಿನ ದೂರು ಅಲ್ಲಿ ಅಷ್ಟೇನೂ ಕೆಲಸ ಮಾಡದು. ಈ ಯುವತಿ ಇಮೇಲ್‌ನಲ್ಲಿ ಉದ್ಯೋಗಿ ಸಂಖ್ಯೆ, ತಿಂಗಳು, ನಿವ್ವಳ ಮೊತ್ತ ಬರೆದು, ರದ್ದುಪಡಿಸಿದ ಚೆಕ್ಕಿನ ಪ್ರತಿ ಲಗತ್ತಿಸಿದರು. ಪಾವತಿಯ ಯುಟಿಆರ್ ಸಂಖ್ಯೆಯಿಂದ ಹಣ ಮರಳಿದ್ದನ್ನು ಖಚಿತಪಡಿಸಿಕೊಳ್ಳುವಂತೆ ಕೋರಿದರು.

ಇನ್ನೆರಡು ಬೇಡಿಕೆಗಳಿದ್ದವು: ಮುಂದಿನ ತಿಂಗಳಿಗೆ ಸೇರಿಸದೆ ಈಗಲೇ ಪ್ರತ್ಯೇಕವಾಗಿ ಪಾವತಿಸಬೇಕು, ಮೂಲ ದಾಖಲೆಯಲ್ಲೂ ಸಂಖ್ಯೆ ತಿದ್ದಬೇಕು. ಎರಡನೆಯದನ್ನು ಮರೆತರೆ ಮುಂದಿನ ಸಂಬಳವೂ ಅದೇ ದಾರಿ ಹಿಡಿಯುತ್ತದೆ. ಪಿಎಫ್, ತೆರಿಗೆ ಕಡಿತ ಮೊದಲೇ ಆಗಿರುವುದರಿಂದ ಮರುಪಾವತಿಯಲ್ಲಿ ಮತ್ತೆ ಕಡಿತವಾಗಬಾರದು. ಬಂದ ಮೊತ್ತವನ್ನು ಪೇಸ್ಲಿಪ್ಪಿನ ನಿವ್ವಳಕ್ಕೆ ತಾಳೆ ನೋಡಿದರೆ ತಿಳಿಯುತ್ತದೆ.